2 ಗಂಟೆ ತಡೆಯೋ ಪೇಂಟ್ ಅಂದ್ರೆ ಎಷ್ಟು ಮೈಕ್ರಾನ್? (ಸ್ಟೀಲ್ ಬೀಮ್, ಕಾಂಕ್ರೀಟ್ ಸಿಡಿತ, ಫೈರ್ ಡೋರ್)

ಸೈಟ್‌ಬುಕ್_ಹುಬ್ಬಳ್ಳಿ

ಗೋದಾಮಿನೊಳಗೆ ಸ್ಟೀಲ್ ಮೆಜನೈನ್ ಬರ್ತಾ ಇದೆ. ಬೀಮ್‌ಗಳು ಐಎಸ್‌ಎಂಬಿ 300, ಉದ್ದ 6 ಮೀಟರ್. ಮೇಲೆ ಡೆಕ್ ಶೀಟ್, ಅದರ ಮೇಲೆ ಕಾಂಕ್ರೀಟ್. ಫೈರ್ ಕನ್ಸಲ್ಟೆಂಟ್ ಡ್ರಾಯಿಂಗ್ ಮೇಲೆ "2 ಗಂಟೆ" ಅಂತ ಬರೆದು ಕೊಟ್ಟಿದಾರ. ಪೇಂಟಿನವರು "ಫೈರ್ ಪೇಂಟ್ ಎರಡು ಕೋಟ್, ಚದರಡಿಗೆ ಇಷ್ಟು" ಅಂತ ಒಂದೇ ಸಾಲಿನ ಕೊಟೇಶನ್ ಕಳಿಸ್ಯಾರ. ಎಷ್ಟು ಮೈಕ್ರಾನ್ ನಿಲ್ತದ ಅಂತ ಕೇಳಿದ್ರ "ಕಂಪನಿ ಹೇಳಿದಷ್ಟು" ಅಂತಾರ. ಇದನ್ನ ಹೆಂಗ ಚೆಕ್ ಮಾಡೋದು? ಸ್ಟೇರ್‌ಕೇಸಿಗೆ ಎರಡು ಫೈರ್ ಡೋರ್ ಕೂಡ ಅದಾವ, ಅದರ ಬಗ್ಗೆನೂ ಗೊತ್ತಿದ್ದವರು ಹೇಳ್ರಿ.

ಗಟ್ಟಿಕಬ್ಬಿಣ

ಉಕ್ಕು ಕರಗಬೇಕಾದ್ರೆ ಸುಮಾರು 1500 ಡಿಗ್ರಿ ಬೇಕು. ಗೋದಾಮಿನ ಬೆಂಕಿ ಅಷ್ಟು ಬಿಸಿಯಾಗಲ್ಲ. ಪೇಂಟಿಗೆ ಸುರಿಯೋ ದುಡ್ಡಲ್ಲಿ ಸೆಕ್ಷನ್ ಎರಡು ಸೈಜ್ ಮೇಲೆ ಹೋಗಿ, ಐಎಸ್‌ಎಂಬಿ 400 ಹಾಕಿಬಿಡಿ. ದಪ್ಪ ಇದ್ದಷ್ಟೂ ಬಿಸಿಯಾಗೋಕೆ ತಡ. ಅಷ್ಟೂ ನಂಬಿಕೆ ಇಲ್ಲ ಅಂದ್ರೆ ಸುತ್ತ 50 ಮಿ.ಮೀ. ಕಾಂಕ್ರೀಟ್ ಸುರಿದು ಮುಚ್ಚಿ, ಮುಗೀತು.

ತೊಲೆಲೆಕ್ಕ

@ಗಟ್ಟಿಕಬ್ಬಿಣ, ದಪ್ಪ ಇದ್ದಷ್ಟೂ ತಡ ಅನ್ನೋದು ಸರಿ. ಎಷ್ಟು ತಡ ಅನ್ನೋದನ್ನು ಲೆಕ್ಕ ಹಾಕಿದ್ರೆ ಮಾತ್ರ ಖುಷಿ ಇಳಿದುಹೋಗುತ್ತೆ. ಇನ್ನು ಕರಗೋ ವಿಷಯಕ್ಕೆ ಬಂದ್ರೆ, ಕಮ್ಮಾರ ಕುಲುಮೆಯಲ್ಲಿ ಯಾವತ್ತೂ ಕಬ್ಬಿಣ ಕರಗಿಸಲ್ಲ. ಕೆಂಪಗಾಗಿಸಿ ಬಡೀತಾನೆ, ಅದು ಬಗ್ಗುತ್ತೆ. ಬೀಮಿಗೂ ಆಗೋದು ಅದೇ, ಸುತ್ತಿಗೆಯ ಜಾಗದಲ್ಲಿ ಸ್ಲ್ಯಾಬಿನ ಭಾರ ಇರುತ್ತೆ ಅಷ್ಟೇ. ಉಕ್ಕಿನ ಹರಳಿನೊಳಗೆ ಅಣುಗಳ ಸಾಲುಗಳು ಒಂದರ ಮೇಲೊಂದು ಜಾರದಂತೆ ಸಣ್ಣ ಸಣ್ಣ ಅಡ್ಡಿಗಳಿರುತ್ತವೆ. ಅದರ ಬಲ ನಿಂತಿರೋದೇ ಆ ಅಡ್ಡಿಗಳ ಮೇಲೆ. ಬಿಸಿ ಏರಿದಂತೆ ಅಣುಗಳ ಓಡಾಟ ಜಾಸ್ತಿಯಾಗಿ ಸಾಲುಗಳು ಅಡ್ಡಿಯನ್ನು ಸುತ್ತಿ ಬಳಸಿ ಜಾರೋಕೆ ಶುರುಮಾಡುತ್ತವೆ. ಯುರೋಪಿನ ಕೋಡ್ ಪ್ರಕಾರ 400 ಡಿಗ್ರಿವರೆಗೆ ಬಲ ಹಾಗೇ ಇರುತ್ತೆ, 500ಕ್ಕೆ 78 ಪರ್ಸೆಂಟ್, 600ಕ್ಕೆ 47, 700ಕ್ಕೆ ಬರೀ 23. ಬಿಗಿತನ ಇದಕ್ಕಿಂತ ಬೇಗ ಹೋಗುತ್ತೆ, 600 ಡಿಗ್ರಿಗೆ ಮೂರರಲ್ಲಿ ಒಂದು ಪಾಲೂ ಉಳಿಯಲ್ಲ. ಹಾಗಾಗಿ ಬೀಳೋಕೆ ಬಹಳ ಮೊದಲೇ ಬೀಮ್ ಜೋತುಬೀಳುತ್ತೆ.

ನಮ್ಮ ಐಎಸ್ 800:2007ರಲ್ಲಿ ಇದಕ್ಕೆ ಕೈಲೆಕ್ಕದ ಸೂತ್ರ ಇದೆ. ಮೂರು ಬದಿಗೆ ಬೆಂಕಿ ತಾಗೋ, ರಕ್ಷಣೆ ಇಲ್ಲದ ಬೀಮಿಗೆ:

```
T = 905 - 690 × Rf
t = -5.2 + 0.0221 T + 0.433 T / ksm
```

Rf ಅಂದ್ರೆ ಬೆಂಕಿ ಹೊತ್ತಿನಲ್ಲಿ ಬೀಮಿನ ಮೇಲಿರೋ ಭಾರ ಅದರ ತಣ್ಣಗಿನ ಸಾಮರ್ಥ್ಯದ ಎಷ್ಟನೇ ಪಾಲು ಅನ್ನೋದು. ksm ಅಂದ್ರೆ ಒಂದು ಟನ್ ಉಕ್ಕಿಗೆ ಎಷ್ಟು ಚದರ ಮೀಟರ್ ಮೈ ಬೆಂಕಿಗೆ ತೆರೆದಿದೆ ಅನ್ನೋದು. t ನಿಮಿಷಗಳಲ್ಲಿ ಬರುತ್ತೆ.

ಹುಬ್ಬಳ್ಳಿ ಬೀಮಿಗೇ ಹಾಕೋಣ. ಐಎಸ್‌ಎಂಬಿ 300 ಮೀಟರಿಗೆ 44.2 ಕೆ.ಜಿ. ಮೇಲಿನ ಫ್ಲ್ಯಾಂಜ್ ಸ್ಲ್ಯಾಬಿಗೆ ತಾಗಿರೋದನ್ನು ಬಿಟ್ಟರೆ ಮೀಟರಿಗೆ ತೆರೆದ ಮೈ ಸುಮಾರು 1.005 ಚದರ ಮೀಟರ್. ksm ಬರೋದು 22.7. ಭಾರ ಅರ್ಧ ಅಂತ ಹಿಡಿದರೆ Rf 0.5, T 560 ಡಿಗ್ರಿ, t ಸುಮಾರು 18 ನಿಮಿಷ. ಇಷ್ಟೇ ಆ ಬೀಮಿನ ಆಯಸ್ಸು. ಟೆಸ್ಟ್ ಫರ್ನೇಸಿನ ಗಾಳಿ ಆ ಹೊತ್ತಿಗೆ 766 ಡಿಗ್ರಿ ಮುಟ್ಟಿರುತ್ತೆ.

ಈಗ ನಿಮ್ಮ ಐಎಸ್‌ಎಂಬಿ 400. ಭಾರ ಅಷ್ಟೇ ಇದ್ದು ಸೆಕ್ಷನ್ ದೊಡ್ಡದಾದ್ರೆ Rf 0.28ಕ್ಕೆ ಇಳಿಯುತ್ತೆ, T 712 ಆಗುತ್ತೆ, ksm 19.5. ಸಿಗೋದು 26 ನಿಮಿಷ. ಉಕ್ಕಿನ ತೂಕ 39 ಪರ್ಸೆಂಟ್ ಜಾಸ್ತಿ ಹಾಕಿ ಗಳಿಸಿದ್ದು 8 ನಿಮಿಷ. ಬೇಕಾಗಿರೋದು 120.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆ 6 ಮೀಟರ್ ಬೀಮ್ 560 ಡಿಗ್ರಿಗೆ ಬರೋ ಹೊತ್ತಿಗೆ ಹೆಚ್ಚುಕಡಿಮೆ 45 ಮಿ.ಮೀ. ಉದ್ದ ಆಗಿರುತ್ತೆ. ಜಾಗ ಇದ್ರೆ ಸರಿ, ಇಲ್ದಿದ್ರೆ ತುದಿಯ ಕಾಲಂ ಅಥವಾ ಗೋಡೆಯನ್ನು ತಳ್ಳುತ್ತೆ. ಗೋದಾಮು ಬೆಂಕಿಯಲ್ಲಿ ಗೋಡೆ ಹೊರಕ್ಕೆ ಬೀಳೋಕೆ ಇದೂ ಒಂದು ಕಾರಣ.

ಗಟ್ಟಿಕಬ್ಬಿಣ

ಲೆಕ್ಕ ಒಪ್ಪಿದೆ. ಆದ್ರೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಲ್ಲಿ 8 ಮಹಡಿ ಸ್ಟೀಲ್ ಕಟ್ಟಡಕ್ಕೆ ಬೆಂಕಿ ಕೊಟ್ಟು ನೋಡಿದ್ರಲ್ಲ, 90ರ ದಶಕದಲ್ಲಿ. ಪೇಂಟ್ ಇಲ್ಲದ ಬೀಮ್‌ಗಳು ನಿಮ್ಮ 560ನ್ನ ಎಷ್ಟೋ ದಾಟಿದ್ರೂ ಕಟ್ಟಡ ಬೀಳಲಿಲ್ಲ. ಅದಕ್ಕೇನಂತೀರಿ?

ತೊಲೆಲೆಕ್ಕ

ಒಳ್ಳೆ ಪ್ರಶ್ನೆ. ಬೀಮ್ ಕೈಬಿಟ್ಟ ಮೇಲೆ ಅಲ್ಲಿ ಸ್ಲ್ಯಾಬೇ ಜೋಲಿಯ ಹಾಗೆ ಇಳಿದು, ಅದರೊಳಗಿನ ಮೆಶ್ ಎಳೆತ ಹೊತ್ತು ಭಾರವನ್ನು ಪಕ್ಕಕ್ಕೆ ಸಾಗಿಸಿತು. ಸೂತ್ರ ಒಂಟಿ ಬೀಮನ್ನು ನೋಡುತ್ತೆ, ಕಟ್ಟಡ ಒಂಟಿ ಅಲ್ಲ. ಆದರೆ ಅದಕ್ಕೆ ಸುತ್ತ ಗಟ್ಟಿ ಅಂಚು ಬೇಕು, ಸ್ಲ್ಯಾಬಿನ ಮೆಶ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುರಿಯದೆ ಹೋಗಿರಬೇಕು, ಕಾಲಂಗೆ ರಕ್ಷಣೆ ಇರಬೇಕು. ಎರಡು ಸಾಲು ಬೀಮಿನ ಮೆಜನೈನ್‌ಗೆ ಆ ಅಂಚು ಎಲ್ಲಿಂದ ಬರಬೇಕು? ದೊಡ್ಡ ಆಫೀಸ್ ಕಟ್ಟಡದಲ್ಲಿ ಒಳಗಿನ ಕೆಲವು ಬೀಮ್‌ಗಳಿಗೆ ಪೇಂಟ್ ಬಿಡಬಹುದು ಅಂತ ವಾದಿಸೋ ಎಂಜಿನಿಯರ್‌ಗಳಿದ್ದಾರೆ, ಲೆಕ್ಕ ತೋರಿಸಿದ್ರೆ ನಾನೂ ಒಪ್ತೀನಿ. ಇಲ್ಲಿ ಒಪ್ಪಲ್ಲ.

ಗಟ್ಟಿಕಬ್ಬಿಣ

ಅಂಚು ಅಂದ್ರೆ ಗೋಡೆ ಇದೆಯಲ್ಲ ಸ್ವಾಮಿ. ಇರಲಿ. ಪೇಂಟಿಗೆ ಬದಲು ಕಾಂಕ್ರೀಟ್ ಮುಚ್ಚೋಕೆ ಏನು ಅಡ್ಡಿ? ಎಂ60 ಹಾಕಿ, ಗಟ್ಟಿ ಇದ್ದಷ್ಟೂ ಬೆಂಕಿ ತಡೆಯುತ್ತೆ.

ಜಲ್ಲಿಮರಳು

ಕಾಂಕ್ರೀಟ್ ಮುಚ್ಚೋದು ಹಳೆಯ, ಒಳ್ಳೆಯ ವಿಧಾನ. 50 ಮಿ.ಮೀ. ಇದ್ರೆ 2 ಗಂಟೆ ಸಿಗೋದೂ ಹೌದು. ತಪ್ಪಿರೋದು ಎಂ60ರಲ್ಲಿ. ಬೆಂಕಿ ವಿಷಯದಲ್ಲಿ ಅದು ಪೂರ್ತಿ ಉಲ್ಟಾ.

ಕಾಂಕ್ರೀಟಿನ ರಂಧ್ರಗಳಲ್ಲಿ ನೀರಿದೆ, ಸಿಮೆಂಟ್ ಹಿಟ್ಟಿನೊಳಗೂ ಕಟ್ಟಿಕೊಂಡ ನೀರಿದೆ. ಬೆಂಕಿ ಕಡೆಯ ಮೈ ಬಿಸಿಯಾದಾಗ ಆ ನೀರು ಆವಿಯಾಗುತ್ತೆ. ಸ್ವಲ್ಪ ಹೊರಗೆ ಬರುತ್ತೆ, ಉಳಿದದ್ದು ಒಳಗೆ ತಣ್ಣಗಿರೋ ಕಡೆಗೆ ಓಡಿ ಅಲ್ಲಿ ಮತ್ತೆ ನೀರಾಗಿ ರಂಧ್ರ ತುಂಬಿಬಿಡುತ್ತೆ. ಮೈಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಹೀಗೆ ಒದ್ದೆ ಗೋಡೆ ಕಟ್ಟಿಕೊಂಡ ಮೇಲೆ ಹಿಂದಿನಿಂದ ಬರೋ ಆವಿಗೆ ದಾರಿ ಇಲ್ಲ, ಒತ್ತಡ ಏರುತ್ತೆ. ಅದೇ ಹೊತ್ತಿಗೆ ಹೊರಮೈ ಹಿಗ್ಗೋಕೆ ನೋಡುತ್ತೆ, ಒಳಗಿನ ತಣ್ಣನೆ ಭಾಗ ಬಿಡಲ್ಲ. ಹೊರಪದರ ಎರಡರ ಮಧ್ಯೆ ಸಿಕ್ಕಿ ಹಪ್ಪಳದ ಹಾಗೆ ಎದ್ದು ಪಟಾರ್ ಅಂತ ಸಿಡಿಯುತ್ತೆ. ಬೆಂಕಿ ಹತ್ತಿದ ಮೊದಲ ಅರ್ಧ ಗಂಟೆಯಲ್ಲೇ ಇದು ಜಾಸ್ತಿ. ಒಂದು ಪದರ ಹೋದ್ರೆ ಒಳಗಿನ ಹೊಸ ಮೈ ಬೆಂಕಿಗೆ ಬೀಳುತ್ತೆ, ಅದೂ ಸಿಡಿಯುತ್ತೆ.

ಎಂ20, ಎಂ25ನಲ್ಲಿ ರಂಧ್ರ ಜಾಸ್ತಿ, ಆವಿ ಹೇಗೋ ತಪ್ಪಿಸಿಕೊಳ್ಳುತ್ತೆ. ಎಂ60ನಲ್ಲಿ, ಅದರಲ್ಲೂ ಸಿಲಿಕಾ ಫ್ಯೂಮ್ ಹಾಕಿದ್ರೆ, ದಾರಿಯೇ ಇಲ್ಲ. ಇಂಗ್ಲೆಂಡ್–ಫ್ರಾನ್ಸ್ ನಡುವಿನ ಚಾನೆಲ್ ಸುರಂಗದಲ್ಲಿ 1996ರ ನವೆಂಬರ್‌ನಲ್ಲಿ ಲಾರಿ ಸಾಗಿಸೋ ರೈಲಿಗೆ ಬೆಂಕಿ ಬಿತ್ತು. ಅಲ್ಲಿನ 45 ಸೆಂ.ಮೀ. ದಪ್ಪದ ಗಟ್ಟಿ ಕಾಂಕ್ರೀಟ್ ಲೈನಿಂಗ್ ಕೆಲವು ಕಡೆ ಕೆಲವೇ ಸೆಂಟಿಮೀಟರ್ ಉಳಿಯೋವರೆಗೆ ಸಿಡಿದುಹೋಯಿತು. ಕಳಪೆ ಕೆಲಸ ಅಂತ ಅಲ್ಲ, ಬಹಳ ಒಳ್ಳೆಯ ದಟ್ಟ ಕಾಂಕ್ರೀಟ್ ಅಂತಲೇ.

ಗಟ್ಟಿ ಕಾಂಕ್ರೀಟ್ ಬೇಕೇಬೇಕು ಅಂದ್ರೆ ಒಂದು ಘನ ಮೀಟರಿಗೆ 2 ಕೆ.ಜಿ. ಪಾಲಿಪ್ರೊಪಿಲಿನ್ ನಾರು ಹಾಕ್ತಾರೆ, ಕೂದಲಿಗಿಂತ ಸಣ್ಣ ಎಳೆ. ಸುಮಾರು 160 ಡಿಗ್ರಿಗೆ ಅದು ಕರಗಿ ಆ ಜಾಗದಲ್ಲಿ ಸಣ್ಣ ಕೊಳವೆ ಬಿಡುತ್ತೆ, ಆವಿ ಅದರಲ್ಲಿ ಹೊರಹೋಗುತ್ತೆ. ಪ್ಲಾಸ್ಟರ್ ಬಿರುಕು ಬಿಡದಿರಲಿ ಅಂತ ಮೂಟೆಗೆ ಒಂದು ಪೊಟ್ಟಣ ಹಾಕ್ತಾರಲ್ಲ, ಆ ಪ್ರಮಾಣ ಇದಕ್ಕೆ ಸಾಲಲ್ಲ. ಸ್ಟೀಲ್ ಫೈಬರ್ ಈ ಕೆಲಸ ಮಾಡಲ್ಲ. ಮತ್ತೆ 2 ಕೆ.ಜಿ. ಹಾಕಿದ್ರೆ ಸ್ಲಂಪ್ ಬೀಳುತ್ತೆ. ಸೈಟಲ್ಲಿ ಅದನ್ನು ನೋಡಿ ನೀರು ಸುರೀಬೇಡಿ, ಅಡ್ಮಿಕ್ಸ್ಚರ್ ಮೊದಲೇ ಸರಿಮಾಡಿಸಿ.

ಇನ್ನು ಈ ಬೀಮಿಗೆ ತೂಕ ನೋಡಿ. ಮೂರು ಕಡೆ 50 ಮಿ.ಮೀ. ಬಂದ್ರೆ 240 ಅಗಲ, 350 ಆಳ. ಮೀಟರಿಗೆ ಸುಮಾರು 190 ಕೆ.ಜಿ. ಕಾಂಕ್ರೀಟ್, ಬೀಮಿನ ತೂಕ 44. ಒಂದು ಬೀಮಿಗೆ 1.1 ಟನ್ ಹೊಸ ಭಾರ. @ತೊಲೆಲೆಕ್ಕ ಸರ್ ಹೇಳಿದ Rf ಅಲ್ಲಿಗೆ 0.5ರಲ್ಲಿ ಉಳಿಯಲ್ಲ. ಒಳಗೆ ಮೆಶ್ ಸುತ್ತದೆ ಸುರಿದ್ರೆ ಕೆಳಗಿನ ಫ್ಲ್ಯಾಂಜಿನ ಕೆಳಗಿರೋ 50 ಮಿ.ಮೀ. ಪದರ ಮೊದಲ ಬಿಸಿಗೇ ಹಲಗೆಯಾಗಿ ಕಳಚಿಬೀಳುತ್ತೆ.

ಮೈಸೂರು_ಸಂಪಿಗೆ

ನಮ್ಮ ಮನೆ ಪೋರ್ಟಿಕೊ ಸ್ಲ್ಯಾಬಿನ ಕೆಳಗಿಂದ ಹೀಗೇ ಚೆಕ್ಕೆ ಉದುರ್ತಾ ಇದೆ. ಬೆಂಕಿ ಏನೂ ಬಿದ್ದಿಲ್ಲ. ಬಿಸಿಲಿನ ಶಾಖಕ್ಕೂ ಹೀಗಾಗುತ್ತಾ? ಆ ನಾರು ಈಗ ಹಚ್ಚಬಹುದಾ?

ಜಲ್ಲಿಮರಳು

ಇಲ್ಲ ಮೇಡಂ, ಅದು ತುಕ್ಕು. ಉದುರಿದ ಚೆಕ್ಕೆ ಕಂಬಿಯ ಉದ್ದಕ್ಕೇ ಸಾಲಾಗಿದ್ದು, ಒಳಮೈಯಲ್ಲಿ ಕಂದು ಕಲೆ ಇದ್ರೆ ಅನುಮಾನವೇ ಬೇಡ. ಮೇಲೆ ನೀರು ನಿಲ್ಲೋದನ್ನು ಮೊದಲು ತಪ್ಪಿಸಿ. ನಾರು ಕಲಸುವಾಗ ಹಾಕೋದು, ಆಮೇಲೆ ಹಚ್ಚೋದಲ್ಲ. ತುಕ್ಕಿನ ರಿಪೇರಿಗೆ ಬೇರೆ ಥ್ರೆಡ್ ಇದೆ, ಅಲ್ಲಿ ಫೋಟೋ ಹಾಕಿ.

ಹತ್ತಿಗಿರಣಿ_ದಾವಣಗೆರೆ

ನಮ್ಮದು ನಿಜವಾಗ್ಲೂ ಬೆಂಕಿಯ ಕೇಸು. ಹತ್ತಿ ಗೋದಾಮು, ಆರ್‌ಸಿಸಿ ಸ್ಲ್ಯಾಬು, ಎರಡು ಗಂಟೆ ಉರಿದಿದೆ. ಸ್ಲ್ಯಾಬು ಪೂರ್ತಿ ಕಪ್ಪು, ಎರಡು ಕಡೆ ಕಂಬಿ ಕಾಣ್ತಿದೆ. ಇನ್ಶೂರೆನ್ಸ್‌ನವರು ಒಂದು ಹೇಳ್ತಾರೆ, ಮೇಸ್ತ್ರಿ ಪ್ಲಾಸ್ಟರ್ ಮಾಡಿದ್ರೆ ಸಾಕು ಅಂತಾರೆ. ಹೇಗೆ ತಿಳ್ಕೊಳ್ಳೋದು?

ಜಲ್ಲಿಮರಳು

ಕಪ್ಪು ಬಣ್ಣ ಏನನ್ನೂ ಹೇಳಲ್ಲ, ಅದು ಮಸಿ. ತುಂಬಾ ಬಿಸಿಯಾದ ಜಾಗದಲ್ಲಿ ಮಸಿ ಸುಟ್ಟುಹೋಗಿ ಬೆಳ್ಳಗೇ ಕಾಣಬಹುದು, ಭಯ ಬೀಳಬೇಕಾದ್ದು ಅಲ್ಲಿ. ಮೊದಲು ಕೆಳಗೆ ಪ್ರಾಪ್ಸ್ ಕೊಡಿಸಿ, ಆಮೇಲೆ ಒಳಗೆ ಹೋಗಿ.

ಸುತ್ತಿಗೆಯಲ್ಲಿ ತಟ್ಟುತ್ತಾ ಹೋದ್ರೆ ಗಟ್ಟಿ ಜಾಗ ಟಣ್ ಅನ್ನುತ್ತೆ, ಬಿಟ್ಟುಕೊಂಡಿರೋ ಜಾಗ ಡಬ್ ಅನ್ನುತ್ತೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಆಮೇಲೆ ಅಲ್ಲಲ್ಲಿ ಉಳಿಯಿಂದ ಕೆತ್ತಿ, ಒಳಗಿನ ಹೊಸ ಮುಖದ ಬಣ್ಣ ನೋಡಿ. 300ರಿಂದ 600 ಡಿಗ್ರಿ ಕಂಡ ಕಾಂಕ್ರೀಟ್ ಸಾಮಾನ್ಯವಾಗಿ ಗುಲಾಬಿ ಛಾಯೆಗೆ ತಿರುಗುತ್ತೆ, ಜಲ್ಲಿ ಮರಳಿನಲ್ಲಿರೋ ಕಬ್ಬಿಣದ ಅಂಶದಿಂದ. ಅದಕ್ಕಿಂತ ಬಿಸಿಯಾದ್ರೆ ಬೂದಿ ಬಿಳುಪು. ಗುಲಾಬಿ ಎಷ್ಟು ಆಳಕ್ಕೆ ಹೋಗಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ, ಆ ಆಳದವರೆಗಿನ ಕಾಂಕ್ರೀಟನ್ನು ಲೆಕ್ಕದಿಂದ ತೆಗೀರಿ. ಒಂದು ಎಚ್ಚರಿಕೆ: ನಮ್ಮ ಕೆಲವು ಗ್ರಾನೈಟ್ ಜಲ್ಲಿ ಹುಟ್ಟಾ ಗುಲಾಬಿ, ಕೆಲವು ಜಲ್ಲಿ ಬಣ್ಣವೇ ಬದಲಿಸಲ್ಲ. ಅದೇ ಕಟ್ಟಡದಲ್ಲಿ ಬೆಂಕಿ ತಾಗದ ಮೂಲೆಯ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿ. ಕಣ್ಣಳತೆ ಮುಗಿದ ಮೇಲೆ ಕೋರ್ ತೆಗೆಸಿ. ಬೆಂಕಿ ತಾಗಿದ ಕಡೆಯಿಂದ ಒಳಕ್ಕೆ ಪದರ ಪದರವಾಗಿ ನೋಡಬೇಕು. ಇಡೀ ಕೋರನ್ನು ಒಮ್ಮೆಗೇ ಒತ್ತಿ ಬಂದ ಸರಾಸರಿ ನಂಬರು ಮೋಸ ಮಾಡುತ್ತೆ.

ಇನ್ನೊಂದು. 450–500 ಡಿಗ್ರಿ ಕಂಡ ಸಿಮೆಂಟ್ ಹಿಟ್ಟಿನಲ್ಲಿ ಸುಣ್ಣ ಸುಟ್ಟ ಸುಣ್ಣವಾಗಿರುತ್ತೆ. ಫೈರ್‌ನವರ ನೀರಲ್ಲದಿದ್ರೆ ಗಾಳಿಯ ತೇವ ಕುಡಿದಾದ್ರೂ ಅದು ಅರಳುತ್ತೆ. ಬೆಂಕಿಯ ದಿನ ಸರಿಯಿದ್ದ ಸ್ಲ್ಯಾಬ್ ವಾರಗಳ ಮೇಲೆ ಪುಡಿ ಉದುರಿಸೋಕೆ ಶುರುಮಾಡೋದು ಇದಕ್ಕೇ. ಹಾಗಾಗಿ ಮೂರನೇ ದಿನವೇ ಪ್ಲಾಸ್ಟರ್ ಹೊಡೆಸಿ ಮುಚ್ಚಬೇಡಿ.

ತೊಲೆಲೆಕ್ಕ

ಕಂಬಿ ಬಗ್ಗೆ ನಾನು ಸೇರಿಸ್ತೀನಿ. ಟಿಎಂಟಿ ಕಂಬಿಯ ಬಲದಲ್ಲಿ ದೊಡ್ಡ ಪಾಲು ಅದರ ಹೊರಗಿನ ಉಂಗುರದ್ದು, ಗಿರಣಿಯಲ್ಲಿ ನೀರಿನಿಂದ ದಿಢೀರ್ ತಣಿಸಿ ಬರಿಸಿದ್ದು. ಕಂಬಿ 600 ಡಿಗ್ರಿ ದಾಟಿದ್ರೆ ಆ ಹದ ಹೋಗುತ್ತೆ, ತಣ್ಣಗಾದ ಮೇಲೂ ವಾಪಸ್ ಬರಲ್ಲ. ಸಿಡಿದು ಬೆಂಕಿಗೆ ಬೆತ್ತಲಾದ ಕಂಬಿಯ ತುಂಡು ಕತ್ತರಿಸಿ ಟೆನ್ಸೈಲ್ ಟೆಸ್ಟಿಗೆ ಕಳಿಸಿ, ಊಹೆ ಬೇಡ. ಮಾಮೂಲಿ ರೋಲ್ಡ್ ಸೆಕ್ಷನ್ ಹಾಗಲ್ಲ. ನೆಟ್ಟಗೇ ನಿಂತಿದ್ರೆ ತಣ್ಣಗಾದ ಮೇಲೆ ಬಹುಪಾಲು ಬಲ ವಾಪಸ್ ಬಂದಿರುತ್ತೆ. ಆದರೆ ಅದರ ಜಾಯಿಂಟಿನ 8.8, 10.9 ಬೋಲ್ಟ್‌ಗಳು ಹದಕೊಟ್ಟ ಉಕ್ಕು. ನೋಡೋಕೆ ಹೊಸದರ ಹಾಗಿದ್ರೂ ಬದಲಿಸಿ.

ಗಟ್ಟಿಕಬ್ಬಿಣ

ಅಂದ್ರೆ ಆರ್‌ಸಿಸಿಯಲ್ಲಿ ಕವರ್ ಜಾಸ್ತಿ ಕೊಟ್ರೆ ಎಲ್ಲಾ ಪರಿಹಾರ. 75 ಮಿ.ಮೀ. ಕೊಡಿ.

ಜಲ್ಲಿಮರಳು

ಅಲ್ಲೂ ಮಿತಿ ಇದೆ. ಐಎಸ್ 456ರಲ್ಲಿ ಎರಡೇ ಆಧಾರದ ಬೀಮಿಗೆ 2 ಗಂಟೆಗೆ 40 ಮಿ.ಮೀ., ಸ್ಲ್ಯಾಬಿಗೆ 35. ಅದಕ್ಕಿಂತ ಜಾಸ್ತಿ ಬೇಕಾಗೋ ಕಡೆ ಅದೇ ಕೋಡ್ ಸಿಡಿತದ ವಿರುದ್ಧ ಬೇರೆ ಏರ್ಪಾಡು ಮಾಡಿ ಅನ್ನುತ್ತೆ. ಹಿಡಿದುಕೊಳ್ಳೋಕೆ ಏನೂ ಇಲ್ಲದ ದಪ್ಪ ಕವರ್ ತಾನೇ ಕಳಚಿಬೀಳುತ್ತೆ. ಸೈಟಲ್ಲಿ ನಿಜವಾದ ತೊಂದರೆ ಅಂದ್ರೆ ಡ್ರಾಯಿಂಗಿನ 40 ಮಿ.ಮೀ. ಕವರ್ ಬ್ಲಾಕ್ ಜಾಗದಲ್ಲಿ ಜಲ್ಲಿ ಕಲ್ಲಿಟ್ಟು 15ಕ್ಕೆ ಇಳಿಯೋದು.

ಸೈಟ್‌ಬುಕ್_ಹುಬ್ಬಳ್ಳಿ

ಭಾಳ ಛಲೋ ಮಾಹಿತಿ ಸಿಗ್ತು. ಈಗ ಪೇಂಟಿಗೆ ಬರೋಣ್ರಿ. ನಾ ಏನು ಕೇಳಬೇಕು?

ತೊಲೆಲೆಕ್ಕ

ಮೊದಲು "ಫೈರ್ ಪೇಂಟ್" ಅಂದ್ರೆ ಯಾವುದು ಅಂತ ಕೇಳಿ. ಮರ, ಪ್ಲೈವುಡ್ ಮೇಲೆ ಜ್ವಾಲೆ ಹರಡದ ಹಾಗೆ ಹಚ್ಚೋದು ಬೇರೆ, ಅದರಿಂದ ಬೀಮಿಗೆ ಒಂದು ನಿಮಿಷವೂ ಸಿಗಲ್ಲ. ನಿಮಗೆ ಬೇಕಿರೋದು ಬಿಸಿಗೆ ಉಬ್ಬೋ ಪೇಂಟ್, ಇಂಟ್ಯುಮೆಸೆಂಟ್. ಅದರಲ್ಲಿ ಮೂರು ಪದಾರ್ಥ ಒಟ್ಟಿಗೆ ಕೆಲಸ ಮಾಡುತ್ತವೆ. 200 ಡಿಗ್ರಿ ದಾಟಿದ ಮೇಲೆ ಅಮೋನಿಯಂ ಪಾಲಿಫಾಸ್ಫೇಟ್ ಒಡೆದು ಆಮ್ಲ ಬಿಡುತ್ತೆ, ಆ ಆಮ್ಲ ಪೆಂಟಎರಿಥ್ರಿಟಾಲನ್ನು ಇದ್ದಿಲು ಮಾಡುತ್ತೆ, ಮೆಲಮಿನ್ ಅನಿಲ ಬಿಟ್ಟು ಆ ಇದ್ದಿಲನ್ನು ಉಬ್ಬಿಸುತ್ತೆ. 1 ಮಿ.ಮೀ. ಪದರ ಮೂರು ನಾಲ್ಕು ಸೆಂಟಿಮೀಟರಿನ ಸ್ಪಂಜು ಆಗುತ್ತೆ. ಉಕ್ಕಿಗೆ ಶಾಖ ತಲುಪೋದನ್ನು ತಡ ಮಾಡೋದು ಆ ಸ್ಪಂಜು.

ಹಾಗಾಗಿ "2 ಗಂಟೆ ಪೇಂಟ್" ಅಂತ ಡಬ್ಬಿ ಯಾವುದೂ ಇಲ್ಲ. ಒಂದೇ ಪೇಂಟ್, ದಪ್ಪ ಕಾಲಂಗೆ ತೆಳ್ಳಗೆ ಸಾಕು, ತೆಳು ಬೀಮಿಗೆ ಬಹಳ ಬೇಕು. ಕಂಪನಿ ಕೋಷ್ಟಕದಲ್ಲಿ ಎಡಗಡೆ ಸೆಕ್ಷನ್ ಫ್ಯಾಕ್ಟರ್ ಇರುತ್ತೆ, ಅಂದ್ರೆ ಬೆಂಕಿ ತಾಗೋ ಸುತ್ತಳತೆಯನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು. ನಿಮ್ಮ ಬೀಮಿಗೆ 1.005 ಮೀಟರನ್ನು 0.005626 ಚದರ ಮೀಟರಿನಿಂದ ಭಾಗಿಸಿ, ಸುಮಾರು 179. ಇದರ ಜೊತೆ ಉಕ್ಕಿನ ಮಿತಿ 560 ಡಿಗ್ರಿ, ಅವಧಿ 120 ನಿಮಿಷ. ಈ ಮೂರು ನಂಬರ್ ಬರೆದು "ನಿಮ್ಮ ಟೆಸ್ಟ್ ಸರ್ಟಿಫಿಕೇಟಿನ ಕೋಷ್ಟಕದಲ್ಲಿ ಇದಕ್ಕೆ ಎಷ್ಟು ಒಣ ದಪ್ಪ, ಆ ಪುಟ ಕಳಿಸಿ" ಅನ್ನಿ.

ಬರೋ ಉತ್ತರಕ್ಕೆ ತಯಾರಾಗಿರಿ. 179ಕ್ಕೆ 1 ಗಂಟೆ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿ ಆಗುತ್ತೆ, ಉತ್ಪನ್ನದ ಮೇಲೆ ಹೆಚ್ಚುಕಡಿಮೆ. 2 ಗಂಟೆ ಅಂದ್ರೆ ದಪ್ಪ ಎರಡರಷ್ಟಲ್ಲ, ಹಲವು ಪಟ್ಟು ಏರುತ್ತೆ. ಕೆಲವು ಕೋಷ್ಟಕಗಳಲ್ಲಿ ಆ ಮನೆ ಖಾಲಿಯೇ ಇರುತ್ತೆ. ಬ್ರಶ್‌ನಲ್ಲಿ ಒಂದು ಕೋಟ್‌ಗೆ ಒಣಗಿದ ಮೇಲೆ 300–400 ಮೈಕ್ರಾನ್ ನಿಂತ್ರೆ ಹೆಚ್ಚು. ಎರಡು ಕೋಟ್ ಅಂದ್ರೆ 800 ದಾಟಲ್ಲ, 1 ಗಂಟೆಗೇ ಕಡಿಮೆ ಬೀಳಬಹುದು.

ಡಬ್ಬಿ ಎಣಿಸಿಯೂ ಹಿಡೀಬಹುದು. ಘನ ಭಾಗ 70 ಪರ್ಸೆಂಟ್ ಇರೋ ಪೇಂಟ್ 1 ಮಿ.ಮೀ. ಒಣ ದಪ್ಪಕ್ಕೆ ಚದರ ಮೀಟರಿಗೆ 1.43 ಲೀಟರ್ ಬೇಕು. ನಿಮ್ಮ ಒಂದು ಬೀಮ್ 6 ಚದರ ಮೀಟರ್, ಅಂದ್ರೆ ವೇಸ್ಟೇಜ್ ಬಿಟ್ಟು 8.6 ಲೀಟರ್. ಇಪ್ಪತ್ತು ಬೀಮಿಗೆ 172 ಲೀಟರ್. ಐದು 20 ಲೀಟರ್ ಡಬ್ಬ ತಂದು ಕೆಲಸ ಮುಗಿಸಿದ್ರೆ ಎಷ್ಟು ನಿಂತಿದೆ ಅಂತ ಗೇಜ್ ಇಲ್ಲದೇ ಗೊತ್ತಾಗುತ್ತೆ.

ಕಡಲತಡಿ

ಮಂಗಳೂರಿನ ಅನುಭವದ ಮಾತು ಮಾರಾಯ್ರೆ: ನೀರಿನ ಬೇಸ್ ಇಂಟ್ಯುಮೆಸೆಂಟನ್ನು ಮಳೆಗಾಲದಲ್ಲಿ, ಶೀಟ್ ಮುಚ್ಚದ ಕಟ್ಟಡದಲ್ಲಿ ಹೊಡೆದ್ರೆ ಅದು ಕೆಲಸಕ್ಕೆ ಬರುವುದಿಲ್ಲ. ಅದರೊಳಗಿನ ಪದಾರ್ಥ ಸ್ವಲ್ಪ ನೀರಿಗೆ ಕರಗುವಂಥದ್ದು, ತೇವ ಎಳೆದು ಗುಳ್ಳೆ ಏಳ್ತದೆ. ಪ್ರೈಮರ್ ಕೂಡ ಪೇಂಟ್ ಕಂಪನಿ ಒಪ್ಪಿದ್ದೇ ಇರ್ಬೇಕು. ಫ್ಯಾಬ್ರಿಕೇಟರ್ ಹಚ್ಚಿ ಕಳಿಸುವ ಕೆಂಪು ಆಕ್ಸೈಡ್ ಮೇಲೆ ಹೊಡೆದ್ರೆ ಬೆಂಕಿಯಲ್ಲಿ ಪ್ರೈಮರ್ ಮೊದಲು ಮೆತ್ತಗಾಗಿ ಮೇಲಿನ ಸ್ಪಂಜು ಇಡಿಯಾಗಿ ಜಾರಿ ಬೀಳಬಹುದು. ಟಾಪ್ ಕೋಟ್ ಬೇಕೇ ಬೇಕು.

ತೊಲೆಲೆಕ್ಕ

ಟಾಪ್ ಕೋಟ್ ಒಳಾಂಗಣದ ಒಣ ಜಾಗದಲ್ಲಿ ಕಡ್ಡಾಯ ಅಲ್ಲ ಅನ್ನೋ ಕಂಪನಿಗಳೂ ಇವೆ, ಸರ್ಟಿಫಿಕೇಟ್ ಏನು ಹೇಳುತ್ತೋ ನೋಡಬೇಕು. ಹೊಡೆದ್ರೆ ತೆಳ್ಳಗಿರಲಿ. ದಪ್ಪ ಇನಾಮೆಲ್ ಹೊಡೆದ್ರೆ ಕೆಳಗಿನದಕ್ಕೆ ಉಬ್ಬೋಕೇ ಬಿಡಲ್ಲ.

ಅಳತೆ ಟಾಪ್ ಕೋಟಿಗೆ ಮೊದಲು. ಮ್ಯಾಗ್ನೆಟಿಕ್ ಗೇಜಿನಲ್ಲಿ ಬಂದ ನಂಬರಿನಿಂದ ಪ್ರೈಮರಿನ 75 ಮೈಕ್ರಾನ್ ಕಳೀರಿ. ವೆಬ್ಬಿನ ನಡುವೆ ಅಳೆದು ತೋರಿಸ್ತಾರೆ, ಅಲ್ಲಿ ಯಾವಾಗಲೂ ಚೆನ್ನಾಗೇ ಇರುತ್ತೆ. ನೀವು ಮೇಲಿನ ಫ್ಲ್ಯಾಂಜಿನ ಅಡಿ ಮತ್ತು ಫ್ಲ್ಯಾಂಜಿನ ಅಂಚು ನೋಡಿ, ತೆಳ್ಳಗಾಗೋದು ಅಲ್ಲೇ. ಸರಾಸರಿ ಹೇಳಿದ ದಪ್ಪಕ್ಕೆ ಕಡಿಮೆ ಇರಬಾರದು, ಎಲ್ಲಾದ್ರೂ ಒಂದು ರೀಡಿಂಗ್ 80 ಪರ್ಸೆಂಟಿಗಿಂತ ಕೆಳಗೆ ಬಂದ್ರೆ ಸುತ್ತ ಇನ್ನೂ ನಾಲ್ಕು ತೆಗೆದು ಆ ಜಾಗ ಮತ್ತೆ ಹೊಡೆಸಿ.

ಎರಡು ಸಂಗತಿ ಪೇಂಟರ್ ಕೈಯಲ್ಲಿಲ್ಲ. ಬೀಮಿಗೆ ತಾಗಿಸಿ ಕೇಬಲ್ ಟ್ರೇ ಕಟ್ಟಿದ್ರೆ ಸ್ಪಂಜಿಗೆ ಜಾಗ ಇಲ್ಲ. ನಿಮ್ಮ ಡೆಕ್ ಶೀಟಿನ ಅಲೆ ಬೀಮಿಗೆ ಅಡ್ಡಡ್ಡ ಹೋದ್ರೆ ಫ್ಲ್ಯಾಂಜಿನ ಮೇಲೆ ಸಾಲಾಗಿ ತ್ರಿಕೋನದಂಥ ಪೊಳ್ಳು ಉಳಿಯುತ್ತೆ, ಬಿಸಿಗಾಳಿ ಅಲ್ಲಿಂದ ಮೇಲ್ಮೈಗೂ ತಾಗುತ್ತೆ. ಆಗ ಅದು ಮೂರು ಬದಿಯ ಲೆಕ್ಕವೇ ಅಲ್ಲ. 2 ಗಂಟೆಗೆ ಆ ಪೊಳ್ಳನ್ನು ಬೆಂಕಿ ತಡೆಯೋ ರಾಕ್‌ವುಲ್ ಅಥವಾ ಗಾರೆಯಿಂದ ತುಂಬಲೇಬೇಕು.

ನನ್ನ ಮಾತು ಕೇಳಿದ್ರೆ, ಗೋದಾಮಲ್ಲಿ ಅಂದ ಯಾರು ನೋಡ್ತಾರೆ? ವರ್ಮಿಕ್ಯುಲೈಟ್ ಗಾರೆ ಸ್ಪ್ರೇ 3 ಸೆಂ.ಮೀ. ಆಸುಪಾಸು ಅಥವಾ ಕ್ಯಾಲ್ಶಿಯಂ ಸಿಲಿಕೇಟ್ ಬೋರ್ಡ್ ಪೆಟ್ಟಿಗೆಯ ದರ ಕೇಳಿ. 2 ಗಂಟೆಗೆ ಪೇಂಟಿಗಿಂತ ಅದು ಅಗ್ಗಕ್ಕೆ ಬರುತ್ತೆ ಅಂತ ನನ್ನ ಅಂದಾಜು. ಫೋರ್ಕ್‌ಲಿಫ್ಟ್ ತಾಗೋ ಕಾಲಂಗೆ ಮಾತ್ರ ಸ್ಪ್ರೇ ಬೇಡ, ಉದುರುತ್ತೆ.

ಕದಚಿಲಕ

ಡೋರ್ ಬಗ್ಗೆ ಯಾರೂ ಬರೀಲಿಲ್ಲ, ನಾನು ಬರೀತೀನಿ. ಫೈರ್ ಡೋರ್ ಅಂದ್ರೆ ಕದ ಅಲ್ಲ, ಕದ, ಚೌಕಟ್ಟು, ಹಿಂಜು, ಕ್ಲೋಸರು, ಬೀಗ, ಸೀಲು ಎಲ್ಲಾ ಸೇರಿ ಫರ್ನೇಸಿಗೆ ಹೋಗಿ ಪಾಸಾದ ಒಂದು ಸೆಟ್. 120 ನಿಮಿಷದ ಕದ ತಂದು ಬೇರೆ ಅಂಗಡಿಯ ಚೌಕಟ್ಟಿಗೆ ಹಾಕಿದ್ರೆ ಆ 120ಕ್ಕೆ ಅರ್ಥ ಇಲ್ಲ.

ಈಗ ಜಾಸ್ತಿ ಬರೋದು 46 ಮಿ.ಮೀ. ಜಿಐ ಶೀಟಿನ ಕದ. ಒಳಗೆ ಜೇನುಗೂಡಿನ ಹಾಗಿರೋ ಕಾಗದ ಇದೆಯಾ, ರಾಕ್‌ವುಲ್ ಇದೆಯಾ ಕೇಳಿ. ಕಾಗದದ್ದೂ ಜ್ವಾಲೆ ದಾಟದಂತೆ 2 ಗಂಟೆ ನಿಲ್ಲಬಹುದು, ಆದ್ರೆ ಹಿಂಭಾಗ ಬಹಳ ಬೇಗ ಕೈ ಇಡೋಕಾಗದಷ್ಟು ಬಿಸಿ ಆಗುತ್ತೆ. ಶಾಖ ತಡೆಯೋ ಕದಕ್ಕೆ ಪರೀಕ್ಷೆಯಲ್ಲಿ ಹಿಂದಿನ ಮೈ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಬಾರದು. ಲೇಬಲ್ಲಿನ ಮೇಲೆ ಬರೀ "120" ಅಂತ ಇದ್ರೆ ಎರಡರಲ್ಲಿ ಯಾವುದು ಅಂತ ಸರ್ಟಿಫಿಕೇಟ್ ತೆರೆದು ನೋಡಿ.

ಕೂರಿಸುವಾಗ ಆಗೋ ದೊಡ್ಡ ತಪ್ಪು ಚೌಕಟ್ಟಿನ ಹಿಂದೆ. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿಗೆ ಸಾಮಾನ್ಯ ಪಿಯು ಫೋಮ್ ಹೊಡೆದು, ಮೇಲೆ ಪಟ್ಟಿ ಬಡಿದು ಪೇಂಟ್ ಮಾಡ್ತಾರೆ. ಫೋಮ್ ಕೆಲವೇ ನಿಮಿಷದಲ್ಲಿ ಸುಟ್ಟು ದಾರಿ ಬಿಡುತ್ತೆ. ಲೋಹದ ಚೌಕಟ್ಟಿನ ಹೊಟ್ಟೆಗೆ ಸಿಮೆಂಟ್ ಗಾರೆ ತುಂಬಿಸಿ. ಬೆರಳಿನ ಗೆಣ್ಣಿಂದ ಚೌಕಟ್ಟನ್ನು ಮೇಲಿಂದ ಕೆಳಗೆ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ್ರೆ ಬಿಲ್ ಹಿಡೀರಿ.

ಕದದ ಮೂರು ಕಡೆ ಸಂದಿ 3 ಮಿ.ಮೀ. ಇರಬೇಕು. 3 ಮಿ.ಮೀ. ಪ್ಲೈವುಡ್ ತುಂಡನ್ನು ಸುತ್ತ ಎಳೆದುಕೊಂಡು ಹೋಗಿ. ಸಲೀಸಾಗಿ ಅಲ್ಲಾಡಿದ ಕಡೆ ಸಂದಿ ಜಾಸ್ತಿ, ಅಲ್ಲಿ ಸೀಲ್ ಉಬ್ಬಿದ್ರೂ ತುಂಬಲ್ಲ. ಆ ಸೀಲ್ ಪಟ್ಟಿ ಪೇಂಟಿನ ಹಾಗೇ ಬಿಸಿಗೆ ಉಬ್ಬೋದು, 200 ಡಿಗ್ರಿ ಹತ್ತಿರ. ಅಲ್ಲಿವರೆಗೆ ತಣ್ಣನೆ ಹೊಗೆ ಆರಾಮಾಗಿ ದಾಟುತ್ತೆ. ಹಾಗಾಗಿ ಹೊಗೆಗೆ ಬೇರೆ ಬ್ರಶ್ ಅಥವಾ ರಬ್ಬರ್ ಸೀಲ್ ಬೇಕು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತಾಗ ಕಟ್ಟಡ ನಿಂತೇ ಇತ್ತು. ಎಲೆಕ್ಟ್ರಿಕಲ್ ಡಕ್ಟಿನಿಂದ ಮೇಲೆ ಹರಡಿದ್ದು ಹೊಗೆ.

ಕೊನೆಗೆ ಕ್ಲೋಸರ್ ಪರೀಕ್ಷೆ: ಕದವನ್ನು ಒಂದು ಗೇಣು ತೆರೆದು ಬಿಡಿ. ತಾನೇ ಮುಚ್ಚಿ ಚಿಲಕ ಟಕ್ ಅಂತ ಕೂರಬೇಕು. ಚೌಕಟ್ಟಿಗೆ ಒರಗಿ ನಿಂತ್ರೆ ಸಾಲಲ್ಲ, ಬೆಂಕಿಯ ಒತ್ತಡಕ್ಕೆ ತೆರೆದುಕೊಳ್ಳುತ್ತೆ. ಎರಡು ಕದದ ಡೋರಾದ್ರೆ ಯಾವ ಕದ ಮೊದಲು ಮುಚ್ಚಬೇಕು ಅಂತ ನೋಡಿಕೊಳ್ಳೋ ಸೆಲೆಕ್ಟರ್ ಇದೆಯಾ ನೋಡಿ.

ಮೂರನೇಮಹಡಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೈರ್ ಡೋರಿಗೆ ಗಾಳಿ ಬರಲಿ ಅಂತ ಕಲ್ಲಿಟ್ಟು ತೆರೆದಿಡ್ತಾರೆ. ಕಮಿಟಿಯವರು ಅದಕ್ಕೆ ಗ್ಲಾಸ್ ಕಿಟಕಿ ಕೊಯ್ಸೋಣ ಅಂತಿದ್ದಾರೆ, ಆಚೆ ಯಾರಿದ್ದಾರೆ ಕಾಣಲಿ ಅಂತ. ಪರವಾಗಿಲ್ವಾ?

ಕದಚಿಲಕ

ಕೊಯ್ಸಬೇಡಿ. ಗ್ಲಾಸ್ ಇರೋ ಕದ ಬೇಕಾದ್ರೆ ಗ್ಲಾಸ್ ಸಮೇತ ಪರೀಕ್ಷೆಯಾದದ್ದನ್ನೇ ತರಿಸಬೇಕು. ಮನೆ ಕಿಟಕಿಯ ಗಾಜು ಬೆಂಕಿಗೆ ನಿಮಿಷಗಳಲ್ಲಿ ಒಡೆಯುತ್ತೆ. ಕಲ್ಲಿನ ಬದಲು ಮ್ಯಾಗ್ನೆಟಿಕ್ ಹೋಲ್ಡರ್ ಹಾಕಿಸಿ ಫೈರ್ ಅಲಾರಂ ಪ್ಯಾನೆಲ್ಲಿಗೆ ಜೋಡಿಸಿ. ಅಲಾರಂ ಹೊಡೆದ್ರೂ ಕರೆಂಟ್ ಹೋದ್ರೂ ಬಿಟ್ಟುಕೊಂಡು ಕದ ಮುಚ್ಚುತ್ತೆ. ಪವರ್ ಕಟ್ ಆದಾಗೆಲ್ಲ ಮುಚ್ಚುತ್ತೆ ಅಂತ ದೂರು ಬರುತ್ತೆ, ಬರಲಿ.

ಗಟ್ಟಿಕಬ್ಬಿಣ

ಮೆಟ್ಟಿಲಿನ ಕದಕ್ಕೆ ರಾಕ್‌ವುಲ್ ದಂಡ. ಜನ ಓಡಿಹೋಗ್ತಾರೆ, ಕದಕ್ಕೆ ಒರಗಿ ನಿಲ್ತಾರಾ?

ಕದಚಿಲಕ

ಹತ್ತನೇ ಮಹಡಿಯಿಂದ ಅಜ್ಜಿಯನ್ನು ಇಳಿಸೋರು ಆ ಕೆಂಪಗೆ ಕಾದ ಕದದ ಮುಂದೆಯೇ ಹಾದು ಹೋಗಬೇಕಲ್ಲ.

ಗಟ್ಟಿಕಬ್ಬಿಣ

ಎರಡು ಮಹಡಿಯ ಗೋದಾಮಿಗೆ ಹತ್ತನೇ ಮಹಡಿ ಅಜ್ಜಿ ಎಲ್ಲಿಂದ ಬಂದ್ರು? ಕಾಗದದ್ದೇ ಸಾಕು ಅಂತ ನನ್ನ ವಾದ.

ಸೈಟ್‌ಬುಕ್_ಹುಬ್ಬಳ್ಳಿ

ಜಗಳ ಮುಂದುವರೀಲಿ, ನಾ ಓದ್ತೀನಿ. ಪೇಂಟಿನವರಿಗೆ 179, 560, 120 ಬರೆದು ಕಳಿಸಿದೆ. "ಸರ್, ಇದು ನಮ್ಮ ಚಾರ್ಟ್‌ನ್ಯಾಗ ಇಲ್ಲ" ಅಂತ ಉತ್ತರ ಬಂತು. ಬೋರ್ಡ್ ಪೆಟ್ಟಿಗೆ ದರ ನಾಳೆ ತರಸ್ತೀನಿ. ಡೆಕ್ ಅಲೆ ಬೀಮಿಗೆ ಅಡ್ಡಡ್ಡನೇ ಅದ, ಇವತ್ತು ಹತ್ತಿ ನೋಡಿ ಬಂದೆ. ಕಾಂಕ್ರೀಟ್ ಆಗಲೇ ಬಿದ್ದೈತಿ. ಪೊಳ್ಳು 55 ಮಿ.ಮೀ. ಎತ್ತರ ಅದ, ಬದಿಯಿಂದ ರಾಕ್‌ವುಲ್ ತುರುಕಿದ್ರ ಬೆಂಕಿ ಹೊತ್ತಿನ್ಯಾಗ ಅಲ್ಲೇ ನಿಲ್ತದೇನ್ರಿ, ಅದನ್ನ ಹಿಡಿಯೋಕ ಏನಾರ ಬೇಕಾ?